ಕೊನೆಯ ವಾರದ ಆಟೊ ರಿಪ್ಲೈ: ವಿದಾಯವೂ ಆಗಬೇಕು, ಮುಂದಿನವರ ವಿಳಾಸವೂ ಸಿಗಬೇಕು

ಕೆಲಸ ಬಿಡುವ ವಾರ ಇ-ಮೇಲ್‌ಗೆ ಹಾಕುವ ಆಟೊ ರಿಪ್ಲೈ ಸಾಮಾನ್ಯವಾಗಿ ಎರಡು ರೀತಿಯಲ್ಲಿ ಕೆಡುತ್ತದೆ. ಕೆಲವರು ಅದನ್ನು ಬೀಳ್ಕೊಡುಗೆ ಸಮಾರಂಭದ ಭಾಷಣವನ್ನಾಗಿ ಮಾಡುತ್ತಾರೆ. ಹತ್ತು ಸಾಲು ಕೃತಜ್ಞತೆ ಓದಿ ಮುಗಿಸಿದ ಮೇಲೂ ಬೆಳಗಾವಿಯ ಸರಬರಾಜುದಾರನಿಗೆ ತನ್ನ ಬಿಲ್ ಬಗ್ಗೆ ಯಾರನ್ನು ಕೇಳಬೇಕೆಂದು ತಿಳಿಯುವುದಿಲ್ಲ. ಇನ್ನು ಕೆಲವರು ಹಳೆಯ ರಜೆಯ ಸಂದೇಶವನ್ನೇ ಮತ್ತೆ ಚಾಲೂ ಮಾಡುತ್ತಾರೆ. ‘ನಾನು ಕಚೇರಿಯಲ್ಲಿಲ್ಲ, ಮರಳಿದ ಮೇಲೆ ಉತ್ತರಿಸುತ್ತೇನೆ’ ಎಂದು ಅದು ಹೇಳುತ್ತಲೇ ಇರುತ್ತದೆ, ಮರಳುವವರು ಮಾತ್ರ ಯಾರೂ ಇಲ್ಲ.

ರಜೆಯ ಸಂದೇಶಕ್ಕೂ ಕೊನೆಯ ವಾರದ ಸಂದೇಶಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ರಜೆಯಲ್ಲಿ ನೀವು ಇರುವುದಿಲ್ಲ, ಆದರೆ ಬರುತ್ತೀರಿ. ಕೊನೆಯ ವಾರದಲ್ಲಿ ನೀವು ಕುರ್ಚಿಯಲ್ಲೇ ಇರುತ್ತೀರಿ, ಆದರೆ ಹೊಸ ಕೆಲಸ ಹಿಡಿಯುವಂತಿಲ್ಲ. ಶುಕ್ರವಾರ ದಾಟಿದ ಮೇಲೆ ನೀವೇ ಇರುವುದಿಲ್ಲ. ಈ ಎರಡು ಸ್ಥಿತಿಗಳನ್ನು ಒಂದೇ ಸಂದೇಶದಲ್ಲಿ ಹಿಡಿಯಲು ಹೋದಾಗಲೇ ಎಡವಟ್ಟಾಗುವುದು.

ವಿವರಕ್ಕಾಗಿ ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಹೋಗೋಣ. ಪುಣೆಯ ಹೊರವಲಯದ ಚಾಕಣದಲ್ಲಿ ವಾಹನದ ಬಿಡಿಭಾಗ ತಯಾರಿಸುವ ಒಂದು ಕಂಪನಿ ಎಂದುಕೊಳ್ಳಿ. ಅಲ್ಲಿ ಸರಬರಾಜುದಾರರ ಪಾವತಿ ನೋಡಿಕೊಳ್ಳುವ ಧಾರವಾಡದ ಹೆಣ್ಣುಮಗಳನ್ನು ಗಿರಿಜಾ ಎಂದು ಕರೆಯೋಣ. ಅವರ ಕೊನೆಯ ದಿನ ನವೆಂಬರ್ 27, ಶುಕ್ರವಾರ. ಎರಕದ ಭಾಗಗಳು ಬರುವುದು ಬೆಳಗಾವಿ ಮತ್ತು ಕೊಲ್ಹಾಪುರದಿಂದ. ಹಾಗಾಗಿ ಅವರಿಗೆ ಬರುವ ಪತ್ರಗಳಲ್ಲಿ ಇಂಗ್ಲಿಷ್, ಮರಾಠಿ, ಕನ್ನಡ ಮೂರೂ ಇರುತ್ತವೆ.

## ಬೇಕಾಗುವ ಸಾಮಗ್ರಿ

ನಿಮ್ಮ ಕಚೇರಿ ಇ-ಮೇಲ್, ಪರೀಕ್ಷೆಗೆ ಹೊರಗಿನ ಒಂದು ವೈಯಕ್ತಿಕ ಇ-ಮೇಲ್ ವಿಳಾಸ, ನೆರವಿಗೆ ಒಬ್ಬ ಸಹೋದ್ಯೋಗಿ, ಐಟಿ ವಿಭಾಗದವರ ಒಂದು ಸ್ಪಷ್ಟ ಉತ್ತರ. ಆ ಉತ್ತರ ಯಾವುದೆಂಬುದು ಮೂರನೆಯ ಹಂತದಲ್ಲಿದೆ. ಇಷ್ಟನ್ನೂ ಕೊನೆಯ ವಾರದ ಹಿಂದಿನ ವಾರವೇ ಒಟ್ಟು ಮಾಡಿಕೊಳ್ಳಬೇಕು. ಸೋಮವಾರ ಬೆಳಿಗ್ಗೆ ಕುಳಿತು ಬರೆಯತೊಡಗಿದರೆ ಸಂಪರ್ಕದವರ ಒಪ್ಪಿಗೆ ಸಿಗುವಷ್ಟರಲ್ಲಿ ಬುಧವಾರ ಆಗಿರುತ್ತದೆ.

## ಹಂತ 1: ನಿಮಗೆ ಯಾರು, ಯಾವುದಕ್ಕೆ ಬರೆಯುತ್ತಾರೆ?

ಇನ್‌ಬಾಕ್ಸ್ ತೆರೆದು ಕಳೆದ ಒಂದು ತಿಂಗಳ ಪತ್ರಗಳನ್ನು ಕಳುಹಿಸಿದವರ ಹೆಸರಿನ ಪ್ರಕಾರ ಜೋಡಿಸಿ ನೋಡಿ. ನೆನಪಿನಿಂದ ಪಟ್ಟಿ ಮಾಡಬೇಡಿ. ನೆನಪಿನಲ್ಲಿ ಉಳಿಯುವುದು ಜಗಳವಾದ ಪತ್ರಗಳು, ದಿನನಿತ್ಯ ಬರುವ ಸಾಧಾರಣ ಪತ್ರಗಳಲ್ಲ.

ಗಿರಿಜಾ ಅವರ ಇನ್‌ಬಾಕ್ಸ್ ನೋಡಿದರೆ ಮೂರು ಬಗೆ ಕಾಣುತ್ತದೆ. ಬಿಲ್ ಕಳುಹಿಸುವವರು, ‘ಹಣ ಯಾವಾಗ ಬರುತ್ತದೆ’ ಎಂದು ಕೇಳುವವರು ಒಂದು ಗುಂಪು. ಟಿಡಿಎಸ್ ಪ್ರಮಾಣಪತ್ರ ಕೇಳುವವರು, ಬಾಕಿ ಲೆಕ್ಕದ ತಾಳೆಗೆ ಬರೆಯುವವರು ಇನ್ನೊಂದು. ಮೂರನೆಯವರು ಒಳಗಿನವರೇ: ಉಗ್ರಾಣದವರು, ಖರೀದಿ ವಿಭಾಗದವರು.

ಹೊರಗಿನವರಿಗೆ ಎರಡು ಸಂಪರ್ಕ ಸಾಕು. ಇಲ್ಲಿ ಬಹಳ ಜನ ಉದಾರಿಗಳಾಗಿ ಐದಾರು ಹೆಸರು ಕೊಡುತ್ತಾರೆ. ಐದು ಹೆಸರು ಕಂಡವನು ಐವರಿಗೂ ಬರೆಯುತ್ತಾನೆ, ಐವರೂ ಉಳಿದ ನಾಲ್ವರು ಉತ್ತರಿಸುತ್ತಾರೆಂದು ಸುಮ್ಮನಿರುತ್ತಾರೆ. ಮೂರಕ್ಕಿಂತ ಹೆಚ್ಚು ಸಂಪರ್ಕ ಬೇಕೆನಿಸಿದರೆ ಕೆಲಸದ ಹಸ್ತಾಂತರವೇ ಇನ್ನೂ ತೀರ್ಮಾನವಾಗಿಲ್ಲ ಎಂದು ತಿಳಿಯಿರಿ. ಅದನ್ನು ಮೇಲಧಿಕಾರಿಯ ಹತ್ತಿರ ಕುಳಿತು ಬಗೆಹರಿಸಿಕೊಳ್ಳಬೇಕು, ಸಂದೇಶದಲ್ಲಿ ಬಗೆಹರಿಯುವ ವಿಷಯ ಅದಲ್ಲ.

## ಹಂತ 2: ಹೆಸರು ಹಾಕುವ ಮೊದಲು ಮೂರು ಪ್ರಶ್ನೆ

ಸಂಪರ್ಕದವರಾಗಿ ಹೆಸರಿಸುವವರನ್ನು ಎದುರಿಗೆ ಕಂಡು ಕೇಳಿ. ‘ನಿಮ್ಮ ಹೆಸರು ಹಾಕುತ್ತಿದ್ದೇನೆ, ಸರಿಯೇ?’ ಎಂಬ ಪ್ರಶ್ನೆಗೆ ಎಲ್ಲರೂ ಹೂಂ ಎನ್ನುತ್ತಾರೆ. ಕೇಳಬೇಕಾದದ್ದು ಬೇರೆ.

ಮೊದಲನೆಯದು, ನಿಮ್ಮ ಕೊನೆಯ ವಾರ ಮತ್ತು ಅದರ ಮುಂದಿನ ವಾರ ಅವರು ರಜೆಯಲ್ಲಿದ್ದಾರೆಯೇ? ಪುಣೆಯಲ್ಲಿ ಗಣೇಶೋತ್ಸವದ ದಿನಗಳಲ್ಲಿ, ಗೋವೆಯಲ್ಲಿ ಚೌತಿಗೆ, ಮುಂಬಯಿಯ ನಮ್ಮ ಕರಾವಳಿಯವರಲ್ಲಿ ಏಪ್ರಿಲ್‌, ಮೇ ತಿಂಗಳಲ್ಲಿ ಊರಿಗೆ ಹೋಗುವುದು ವಾಡಿಕೆ. ನಿಮ್ಮ ಆಟೊ ರಿಪ್ಲೈ ತೋರಿಸಿದ ವಿಳಾಸದಿಂದ ಇನ್ನೊಂದು ಆಟೊ ರಿಪ್ಲೈ ಬಂದರೆ ಪತ್ರ ಬರೆದವನಿಗೆ ಸಿಟ್ಟು ಬರುವುದು ನ್ಯಾಯವೇ.

ಎರಡನೆಯದು, ಆ ಕೆಲಸ ಮಾಡಲು ಬೇಕಾದ ಪ್ರವೇಶಾಧಿಕಾರ ಅವರಿಗೆ ಸಿಕ್ಕಿದೆಯೇ? ಪಾವತಿಯ ಸ್ಥಿತಿ ನೋಡಲು ಲೆಕ್ಕದ ತಂತ್ರಾಂಶದೊಳಗೆ ಹೋಗಲಾಗದವರು ‘ವಿಚಾರಿಸಿ ಹೇಳುತ್ತೇನೆ’ ಎಂದಷ್ಟೇ ಉತ್ತರಿಸಬಲ್ಲರು. ಅವರ ಪಕ್ಕ ಕುಳಿತು ಒಂದು ಹಳೆಯ ಬಿಲ್ ಹುಡುಕಿಸಿ. ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಮೂರನೆಯದು, ಪತ್ರಗಳು ಅವರ ಸ್ವಂತ ವಿಳಾಸಕ್ಕೆ ಹೋಗಬೇಕೇ, ವಿಭಾಗದ ಸಾಮಾನ್ಯ ವಿಳಾಸಕ್ಕೆ ಹೋಗಬೇಕೇ? ಸಾಮಾನ್ಯ ವಿಳಾಸವಿದ್ದರೆ ಅದನ್ನೇ ಕೊಡಿ, ಪಕ್ಕದಲ್ಲಿ ವ್ಯಕ್ತಿಯ ಹೆಸರೂ ಇರಲಿ. ಹೆಸರಿದ್ದರೆ ಬರೆಯುವವನಿಗೆ ಧೈರ್ಯ. ಸಾಮಾನ್ಯ ವಿಳಾಸವಾದರೆ ಆ ವ್ಯಕ್ತಿ ನಾಳೆ ಬದಲಾದರೂ ಪತ್ರ ತಲುಪುತ್ತದೆ. ಮೊಬೈಲ್ ಸಂಖ್ಯೆಯನ್ನು ಹೊರಗಿನ ಸಂದೇಶದಲ್ಲಿ ಹಾಕಬೇಡಿ. ಆಟೊ ರಿಪ್ಲೈಗೆ ಬರೆದವರು ಯಾರೆಂದು ಗೊತ್ತಾಗುವುದಿಲ್ಲ, ನಿಮ್ಮ ಸಹೋದ್ಯೋಗಿಯ ಸಂಖ್ಯೆ ಅಪರಿಚಿತರಿಗೂ ಹೋಗುತ್ತದೆ.

ಇದೇ ಹೊತ್ತಿಗೆ ಮೇಲಧಿಕಾರಿಯನ್ನೂ ಒಂದು ಮಾತು ಕೇಳಿ: ನಾನು ಬಿಡುತ್ತಿರುವುದನ್ನು ಹೊರಗಿನವರಿಗೆ ಯಾವ ದಿನದಿಂದ ಹೇಳಬಹುದು? ಕೆಲವು ಕಡೆ ದೊಡ್ಡ ಗ್ರಾಹಕರಿಗೆ ಮೊದಲು ಕಂಪನಿಯೇ ತಿಳಿಸಬೇಕೆಂದಿರುತ್ತದೆ. ಅವರು ಅದನ್ನು ನಿಮ್ಮ ಆಟೊ ರಿಪ್ಲೈಯಿಂದ ತಿಳಿದರೆ ಕೊನೆಯ ವಾರ ವಿವರಣೆ ಕೊಡುವುದರಲ್ಲೇ ಕಳೆಯುತ್ತದೆ.

## ಹಂತ 3: ಐಟಿಯವರಿಗೆ ಕೇಳಬೇಕಾದ ಒಂದೇ ಪ್ರಶ್ನೆ

‘ನಾನು ಹೋದ ಮೇಲೆ ನನ್ನ ಮೇಲ್‌ಬಾಕ್ಸ್ ಏನಾಗುತ್ತದೆ?’

ಇದನ್ನು ಕೇಳುವವರು ಬಹಳ ಕಡಿಮೆ, ಆದರೆ ಉಳಿದೆಲ್ಲವೂ ಇದರ ಮೇಲೆ ನಿಂತಿದೆ. ಖಾತೆಯನ್ನು ಶುಕ್ರವಾರ ಸಂಜೆಯೇ ನಿಲ್ಲಿಸಿಬಿಟ್ಟರೆ ಆಟೊ ರಿಪ್ಲೈ ಕೂಡ ಅಲ್ಲಿಗೇ ಸತ್ತಂತೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅಮಾನತಾದ ಖಾತೆಗೆ ಹೊಸ ಪತ್ರ ಸೇರುವುದಿಲ್ಲ. ಮೈಕ್ರೊಸಾಫ್ಟ್ ವ್ಯವಸ್ಥೆಯಲ್ಲಾದರೆ ಬಿಟ್ಟವರ ಮೇಲ್‌ಬಾಕ್ಸನ್ನು ಹಂಚಿಕೆಯ ಮೇಲ್‌ಬಾಕ್ಸ್ ಆಗಿ, ಅಂದರೆ `Shared mailbox` ಆಗಿ, ಬದಲಿಸಿ ಉಳಿಸಿಕೊಳ್ಳಬಹುದು. ಆಗ ಸ್ವಯಂ ಉತ್ತರವೂ ಮುಂದುವರಿಯುತ್ತದೆ. ಐಟಿಯವರು ಏನು ಮಾಡುತ್ತಾರೆಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಶುಕ್ರವಾರವೇ ಮುಚ್ಚುತ್ತಾರೆಂದಾದರೆ ನಿಮ್ಮ ಸಂದೇಶಕ್ಕೆ ಸಿಗುವ ಆಯುಷ್ಯ ಐದು ದಿನ. ಹಾಗಿದ್ದಾಗ ಮುಖ್ಯವಾದ ಹತ್ತಿಪ್ಪತ್ತು ಜನರಿಗೆ ನೀವೇ ಪ್ರತ್ಯೇಕವಾಗಿ ಬರೆಯಬೇಕು. ಆಟೊ ರಿಪ್ಲೈ ನೆಚ್ಚಿಕೊಂಡರೆ ಆಗದು.

## ಹಂತ 4: ಸಂದೇಶ ಬರೆಯುವುದು

ಸಾಲುಗಳ ಕ್ರಮ ಹೀಗಿರಲಿ: ಮೊದಲು ದಿನಾಂಕ, ಆಮೇಲೆ ಈ ವಾರ ನೀವು ಏನು ಮಾಡುತ್ತೀರಿ, ಏನು ಮಾಡುವುದಿಲ್ಲ. ನಂತರ ಸಂಪರ್ಕಗಳು, ಅವರಿಗೆ ಬರೆಯುವಾಗ ಏನು ಬೇಕೆಂಬ ಸೂಚನೆ. ವಿದಾಯದ ಮಾತು ಕಟ್ಟಕಡೆಗೆ. ಪತ್ರ ಬರೆದವನು ಮೊಬೈಲಿನಲ್ಲಿ ಓದುತ್ತಾನೆ, ಪರದೆಯಲ್ಲಿ ಮೊದಲು ಕಾಣುವ ನಾಲ್ಕೈದು ಸಾಲಿನೊಳಗೆ ಅವನ ಕೆಲಸ ಮುಗಿಯಬೇಕು. ವಿದಾಯ ಓದಬೇಕೆಂದು ಇಷ್ಟವಿರುವವನು ಕೆಳಗೆ ಹೋಗಿಯೇ ಹೋಗುತ್ತಾನೆ.

ಗಿರಿಜಾ ಮೇಲೆ ಇಂಗ್ಲಿಷಿನಲ್ಲಿ, ಕೆಳಗೆ ಬೆಳಗಾವಿಯವರಿಗಾಗಿ ಕನ್ನಡದಲ್ಲಿ ಒಂದೇ ಒಕ್ಕಣೆಯನ್ನು ಹಾಕುತ್ತಾರೆ. ಅದರ ಕನ್ನಡ ಭಾಗ ಇದು:

> ನಮಸ್ಕಾರ.
>
> ನವೆಂಬರ್ 27, ಶುಕ್ರವಾರ ಈ ಕಂಪನಿಯಲ್ಲಿ ನನ್ನ ಕೊನೆಯ ದಿನ. ಅಲ್ಲಿಯವರೆಗೆ ಪತ್ರಗಳನ್ನು ಓದುತ್ತೇನೆ. ಹೊಸ ಬಿಲ್‌ಗಳನ್ನು ಮಾತ್ರ ನಾನು ತೆಗೆದುಕೊಳ್ಳುತ್ತಿಲ್ಲ.
>
> ಬಿಲ್ ಮತ್ತು ಪಾವತಿಗೆ: ಸ್ನೇಹಾ, payables@example.com
> ಟಿಡಿಎಸ್ ಪ್ರಮಾಣಪತ್ರ, ಬಾಕಿ ಲೆಕ್ಕದ ತಾಳೆಗೆ: ಮಹೇಶ, accounts@example.com
>
> ನಿಮ್ಮ ಈ ಪತ್ರ ಅವರಿಗೆ ತಾನಾಗಿ ಹೋಗುವುದಿಲ್ಲ. ದಯವಿಟ್ಟು ಮೇಲಿನ ವಿಳಾಸಕ್ಕೆ ಮತ್ತೊಮ್ಮೆ ಕಳುಹಿಸಿ. ವಿಷಯದ ಸಾಲಿನಲ್ಲಿ ಬಿಲ್ ಸಂಖ್ಯೆ ಮತ್ತು ಖರೀದಿ ಆದೇಶದ ಸಂಖ್ಯೆ ಇರಲಿ.
>
> ಲೆಕ್ಕ ತಾಳೆ ಮಾಡುವಾಗ ಸಣ್ಣ ವ್ಯತ್ಯಾಸಕ್ಕೂ ಹಳೆಯ ಕಡತ ತೆಗೆದು ಉತ್ತರಿಸಿದ ನಿಮ್ಮೆಲ್ಲರಿಗೂ ವಂದನೆಗಳು.
>
> ಗಿರಿಜಾ

ಇದರಲ್ಲಿ ಅತಿ ಹೆಚ್ಚು ಕೆಲಸ ಮಾಡುವ ಸಾಲು ‘ನಿಮ್ಮ ಈ ಪತ್ರ ಅವರಿಗೆ ತಾನಾಗಿ ಹೋಗುವುದಿಲ್ಲ’ ಎಂಬುದು. ಆಟೊ ರಿಪ್ಲೈಯಲ್ಲಿ ಇನ್ನೊಬ್ಬರ ಹೆಸರು ಕಂಡ ಕೂಡಲೇ ತಮ್ಮ ಪತ್ರ ಅವರಿಗೆ ತಲುಪಿತೆಂದು ಹೆಚ್ಚಿನವರು ಭಾವಿಸುತ್ತಾರೆ, ಉತ್ತರಕ್ಕಾಗಿ ವಾರಗಟ್ಟಲೆ ಕಾಯುತ್ತಾರೆ. ಪಾವತಿಯ ವಿಷಯದಲ್ಲಿ ಆ ವಾರಗಳು ಸುಮ್ಮನೆ ಹೋಗುವಂಥವಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ 45 ದಿನ ಮೀರದಂತೆ ಹಣ ಕೊಡಬೇಕು. ಬಿಲ್ ಮುಚ್ಚಿದ ಮೇಲ್‌ಬಾಕ್ಸಿನಲ್ಲಿ ಕೊಳೆಯುತ್ತಿದ್ದರೂ ಆ ಲೆಕ್ಕ ನಿಲ್ಲುವುದಿಲ್ಲ. ಐಟಿಯವರು ನಿಜವಾಗಿಯೂ ಪತ್ರಗಳನ್ನು ರವಾನಿಸುವ ವ್ಯವಸ್ಥೆ ಮಾಡಿದ್ದರೆ ಮಾತ್ರ ಈ ಸಾಲನ್ನು ಬದಲಿಸಿ.

ದಿನಾಂಕವನ್ನು ಅಂಕಿಯಲ್ಲಿ, ವಾರದ ಹೆಸರಿನೊಂದಿಗೆ ಬರೆಯಿರಿ. ‘ಈ ಶುಕ್ರವಾರ’ ಎಂದರೆ ಸೋಮವಾರ ಓದುವವನಿಗೆ ಒಂದು ಅರ್ಥ, ಹತ್ತು ದಿನ ಬಿಟ್ಟು ಓದುವವನಿಗೆ ಇನ್ನೊಂದು.

ವಿದಾಯದ ಸಾಲು ಒಂದೇ ಇದೆ, ಅದು ಸಾಕು. ನೀವು ಅವರೊಂದಿಗೆ ನಿಜವಾಗಿ ಮಾಡಿದ ಒಂದು ಕೆಲಸವನ್ನು ಅದು ಹೆಸರಿಸಬೇಕು. ‘ಮಧುರ ನೆನಪುಗಳೊಂದಿಗೆ’, ‘ಇದು ಮುಕ್ತಾಯವಲ್ಲ, ಹೊಸ ಆರಂಭ’ ಮುಂತಾದವನ್ನು ಬಿಡಿ. ಈ ಸಂದೇಶ ನಿಮ್ಮ ಬಾಲ್ಯದ ಗೆಳತಿಗೂ ಹೋಗುತ್ತದೆ, ಸಾಲ ಬೇಕೇ ಎಂದು ಬರೆದ ಅಪರಿಚಿತನಿಗೂ ಹೋಗುತ್ತದೆ. ಅಪರಿಚಿತ ಓದಿದರೆ ಮುಜುಗರವಾಗುವ ಮಾತು ಇಲ್ಲಿ ಬೇಡ. ಹತ್ತಿರದವರಿಗೆ ಬೇರೆಯೇ ಪತ್ರ ಬರೆಯಬಹುದಲ್ಲ.

ಮುಂದೆ ಎಲ್ಲಿಗೆ ಸೇರುತ್ತೀರೆಂದು ಬರೆಯಬೇಡಿ. ವೈಯಕ್ತಿಕ ಇ-ಮೇಲ್ ವಿಳಾಸವನ್ನೂ ಹೊರಗಿನವರಿಗೆ ಹೋಗುವ ಸಂದೇಶದಲ್ಲಿ ಹಾಕಬೇಡಿ. ಗ್ರಾಹಕರನ್ನು ಜೊತೆಗೆ ಕರೆದೊಯ್ಯುತ್ತಿದ್ದೀರೆಂಬ ಅನುಮಾನಕ್ಕೆ ಅಷ್ಟು ಸಾಕು. ಎಷ್ಟೋ ಉದ್ಯೋಗ ಒಪ್ಪಂದಗಳಲ್ಲಿ ಇದರ ಬಗ್ಗೆ ಷರತ್ತೂ ಇರುತ್ತದೆ.

ಹಣದ ಕೆಲಸದವರಿಗೆ ಒಂದು ಎಚ್ಚರಿಕೆ. ಪಾವತಿ ನೋಡುವವರು ಬದಲಾಗುತ್ತಿದ್ದಾರೆ ಎಂಬ ಸುದ್ದಿ ಮೋಸಗಾರರಿಗೆ ಪ್ರಿಯ. ‘ನಾನು ಹೊಸಬ, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಪತ್ರಗಳು ಎರಡೂ ದಿಕ್ಕಿನಿಂದ ಬರುವ ಹೊತ್ತು ಇದು. ಆದ್ದರಿಂದ ಸಂಪರ್ಕದ ವಿಳಾಸ ಕಂಪನಿಯದ್ದೇ ಆಗಿರಲಿ, ಜಿಮೇಲ್ ವಿಳಾಸ ಖಂಡಿತ ಬೇಡ. ಖಾತೆ ಬದಲಾವಣೆಯ ಯಾವ ಪತ್ರ ಬಂದರೂ ಕಡತದಲ್ಲಿರುವ ಹಳೆಯ ಸಂಖ್ಯೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕೆಂದು ಸ್ನೇಹಾಗೆ ಹಸ್ತಾಂತರದ ಟಿಪ್ಪಣಿಯಲ್ಲೇ ಬರೆದುಕೊಡಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದರೆ ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡ ಚೆನ್ನಾಗಿ ಕಂಡರೂ ಓದುವವನ ಮೊಬೈಲಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಯುನಿಕೋಡ್‌ನಲ್ಲೇ ಬರೆಯಿರಿ. ಸಂಶಯವಿದ್ದರೆ ಮೊಬೈಲಿನ ಕೀಲಿಮಣೆಯಿಂದ ಬರೆದು ನಿಮಗೆ ನೀವೇ ಕಳುಹಿಸಿಕೊಂಡು ಅಲ್ಲಿಂದ ನಕಲು ಮಾಡಿ.

## ಹಂತ 5: ಒಳಗಿನವರಿಗೆ ಬೇರೆ ಒಕ್ಕಣೆ

ಔಟ್‌ಲುಕ್‌ನಲ್ಲಿ ಒಳಗಿನವರಿಗೆ ಮತ್ತು ಹೊರಗಿನವರಿಗೆ ಪ್ರತ್ಯೇಕ ಸಂದೇಶ ಹಾಕಬಹುದು. ಒಳಗಿನದರಲ್ಲಿ ಸ್ನೇಹಾ ಅವರ ಒಳಸಂಖ್ಯೆ, ಹಸ್ತಾಂತರದ ಕಡತ ಎಲ್ಲಿದೆ ಎಂಬುದು, ಬೇಕೆನಿಸಿದರೆ ನಿಮ್ಮ ವೈಯಕ್ತಿಕ ವಿಳಾಸ ಇವೆಲ್ಲ ಇರಬಹುದು. ಶುಕ್ರವಾರ ನಾಲ್ಕು ಗಂಟೆಗೆ ಕ್ಯಾಂಟೀನಿನಲ್ಲಿ ಚಹಾ ಇದ್ದರೆ ಅದಕ್ಕೂ ಇಲ್ಲೇ ಜಾಗ. ಜಿಮೇಲ್‌ನ ಪೆಟ್ಟಿಗೆಯಲ್ಲಿ ಒಂದೇ ಸಂದೇಶಕ್ಕೆ ಅವಕಾಶ. ಅಲ್ಲಿ ಹೊರಗಿನವರ ಒಕ್ಕಣೆಯನ್ನೇ ಹಾಕಿ, ಒಳಗಿನವರಿಗೆ ಬಾಯಲ್ಲೇ ಹೇಳಿ.

## ಹಂತ 6: ಚಾಲೂ ಮಾಡುವುದು

ಜಿಮೇಲ್: ಕಂಪ್ಯೂಟರಿನಲ್ಲಿ ಚಕ್ರದ ಗುರುತು ಒತ್ತಿ `See all settings`, ಅದರಲ್ಲಿ `General`, ಕೆಳಗೆ ಇಳಿದರೆ `Vacation responder`. `First day` ಎಂಬಲ್ಲಿ ಸೋಮವಾರದ ದಿನಾಂಕ ಹಾಕಿ. `Last day` ಎಂಬುದನ್ನು ಖಾಲಿ ಬಿಡಿ. ಜನ ಅಲ್ಲಿ ತಮ್ಮ ಕೊನೆಯ ದಿನವನ್ನೇ ತುಂಬಿಬಿಡುತ್ತಾರೆ, ಆ ದಿನ ರಾತ್ರಿ 11:59ಕ್ಕೆ ಸಂದೇಶ ನಿಂತುಹೋಗುತ್ತದೆ. ಅದು ನಿಜವಾಗಿ ಬೇಕಾಗುವುದು ಮರುದಿನದಿಂದಲೇ! ಕೆಳಗಿರುವ `Only send a response to people in my Contacts` ಎಂಬುದಕ್ಕೆ ಗುರುತು ಹಾಕಬೇಡಿ, `Save Changes` ಒತ್ತುವುದನ್ನು ಮರೆಯಬೇಡಿ.

ಔಟ್‌ಲುಕ್: ಹಳೆಯ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ `File`, ಅದರಲ್ಲಿ `Automatic Replies`. ಹೊಸ ಆವೃತ್ತಿಯಲ್ಲಿ ಮತ್ತು ಬ್ರೌಸರಿನಲ್ಲಿ `Settings` ಒಳಗೆ ಖಾತೆಯ ಭಾಗದಲ್ಲಿ ಅದೇ ಹೆಸರಿನಲ್ಲಿದೆ. ಇಲ್ಲಿಯೂ ಅವಧಿಯ ಆಯ್ಕೆಯನ್ನು ಬಿಟ್ಟುಬಿಡಿ. ಹಳೆಯ ಆವೃತ್ತಿಯಲ್ಲಿ `Outside My Organization` ಎಂಬ ಎರಡನೆಯ ಪುಟವನ್ನು ತೆರೆದು ಅಲ್ಲಿಯೂ ಸಂದೇಶ ಅಂಟಿಸಿ, `Anyone outside my organization` ಆರಿಸಿ. ಮೊದಲ ಪುಟವನ್ನಷ್ಟೇ ತುಂಬಿ ಮುಚ್ಚುವುದು ನಾನು ಕಂಡ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು. ಸಹೋದ್ಯೋಗಿಗಳಿಗೆಲ್ಲ ಸಂದೇಶ ಹೋಗುತ್ತಿರುವುದರಿಂದ ಸರಿಯಿದೆ ಎಂದೇ ಅನಿಸುತ್ತದೆ, ಬೆಳಗಾವಿಗೆ ಮಾತ್ರ ಏನೂ ಹೋಗುತ್ತಿರುವುದಿಲ್ಲ.

## ಹಂತ 7: ಪರೀಕ್ಷೆ

ಹೊರಗಿನ ವಿಳಾಸದಿಂದ ಒಂದು, ಸಹೋದ್ಯೋಗಿಯ ವಿಳಾಸದಿಂದ ಒಂದು ಪತ್ರ ಕಳುಹಿಸಿ. ಬಂದ ಉತ್ತರವನ್ನು ಮೊಬೈಲಿನಲ್ಲಿ ತೆರೆಯಿರಿ. ಕನ್ನಡ ಸರಿಯಾಗಿ ಕಾಣುತ್ತಿದೆಯೇ ನೋಡಿ. ಸಂಪರ್ಕದ ವಿಳಾಸದ ಮೇಲೆ ಬೆರಳಿಟ್ಟು ಒತ್ತಿ: ತೆರೆಯುವ ಹೊಸ ಪತ್ರದಲ್ಲಿ ಅದೇ ವಿಳಾಸ ಬಂದಿದೆಯೇ? ಹಳೆಯ ಪತ್ರದಿಂದ ನಕಲು ಮಾಡಿ ಅಕ್ಷರ ತಿದ್ದಿದಾಗ, ಮೇಲೆ ಸ್ನೇಹಾ ಅವರ ವಿಳಾಸ ಕಂಡರೂ ಒಳಗಿನ ಕೊಂಡಿ ಹಳಬರದ್ದೇ ಉಳಿದಿರುತ್ತದೆ. ಬಳಿಕ ಆ ವಿಳಾಸಕ್ಕೆ ನಿಜವಾಗಿ ಒಂದು ಪತ್ರ ಕಳುಹಿಸಿ, ಸ್ನೇಹಾಗೆ ತಲುಪಿತೇ ಎಂದು ಕೇಳಿ. ಸಾಮಾನ್ಯ ವಿಳಾಸಗಳು ಎಷ್ಟೋ ಸಲ ಹೊರಗಿನ ಪತ್ರಗಳನ್ನು ಸ್ವೀಕರಿಸದಂತೆ ಇರುತ್ತವೆ.

ಅದೇ ವಿಳಾಸದಿಂದ ಎರಡನೆಯ ಸಲ ಕಳುಹಿಸಿದಾಗ ಉತ್ತರ ಬಾರದಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಔಟ್‌ಲುಕ್‌ನ ಹಿಂದಿರುವ ಎಕ್ಸ್‌ಚೇಂಜ್ ಸರ್ವರ್ ಒಬ್ಬ ವ್ಯಕ್ತಿಗೆ ಒಂದೇ ಸಲ ಉತ್ತರಿಸುತ್ತದೆ. ಜಿಮೇಲ್ ಸಾಮಾನ್ಯವಾಗಿ ನಾಲ್ಕು ದಿನ ಕಳೆದ ಮೇಲೆ ಅದೇ ವ್ಯಕ್ತಿ ಮತ್ತೆ ಬರೆದರೆ ಮಾತ್ರ ಮತ್ತೊಮ್ಮೆ ಉತ್ತರಿಸುತ್ತದೆ. ಮೊದಲ ಸಲವೇ ಬಾರದಿದ್ದರೆ ಅದು ಎಚ್ಚರಿಕೆಯ ಗಂಟೆ. ಹೊರಗಿನ ವಿಳಾಸಕ್ಕೆ ಮಾತ್ರ ಬಾರದಿದ್ದರೆ ಎರಡನೆಯ ಪುಟ ಖಾಲಿ ಇದೆ, ಇಲ್ಲವೇ ಐಟಿಯವರು ಹೊರಗೆ ಹೋಗುವ ಸ್ವಯಂ ಉತ್ತರಗಳನ್ನೇ ತಡೆದಿದ್ದಾರೆ.

ಜಿಮೇಲ್ ಸ್ಪ್ಯಾಮ್‌ಗೆ ಬಿದ್ದ ಪತ್ರಗಳಿಗೆ ಉತ್ತರ ಕಳುಹಿಸುವುದಿಲ್ಲ. ಆ ವಾರ ದಿನಕ್ಕೊಮ್ಮೆ ಸ್ಪ್ಯಾಮ್ ತೆರೆದು ನೋಡಿ, ಅಲ್ಲಿ ಬಿದ್ದಿರುವ ಸರಬರಾಜುದಾರನಿಗೆ ನೀವು ಹೊರಟಿರುವುದೇ ಗೊತ್ತಿರುವುದಿಲ್ಲ.

## ಹಂತ 8: ಶುಕ್ರವಾರ ಸಂಜೆ

ಈಗ ಮೊದಲ ಎರಡು ಸಾಲುಗಳು ಸುಳ್ಳಾಗುತ್ತವೆ. ದಿನಾಂಕವಿರುವ ಆ ಪ್ಯಾರಾವನ್ನು ಪೂರ್ತಿ ತೆಗೆದು ಹೀಗೆ ಬದಲಿಸಿ:

> ನವೆಂಬರ್ 27ರಂದು ಈ ಕಂಪನಿಯ ಕೆಲಸದಿಂದ ಬಿಡುಗಡೆ ಹೊಂದಿದ್ದೇನೆ. ಈ ವಿಳಾಸಕ್ಕೆ ಬರುವ ಪತ್ರಗಳನ್ನು ನಾನು ಓದುವುದಿಲ್ಲ.

ಉಳಿದದ್ದು ಹಾಗೆಯೇ ಇರಲಿ. ‘ಯಾರೂ ಓದುವುದಿಲ್ಲ’ ಎಂದು ಬರೆಯಬೇಡಿ, ಮೇಲ್‌ಬಾಕ್ಸ್ ಮೇಲಧಿಕಾರಿಯ ಕೈಗೆ ಹೋಗಿರಬಹುದು.

ಔಟ್‌ಲುಕ್‌ನಲ್ಲಿ ಬರೀ ಒಕ್ಕಣೆ ತಿದ್ದಿ ಉಳಿಸಿದರೆ, ಸೋಮವಾರ ಉತ್ತರ ಪಡೆದವರಿಗೆ ಹೊಸದು ಹೋಗುವುದಿಲ್ಲ. ಸರ್ವರ್ ಅವರ ಹೆಸರನ್ನು ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತದೆ. ಮೊದಲು ಸ್ವಯಂ ಉತ್ತರವನ್ನು ಪೂರ್ತಿ ನಿಲ್ಲಿಸಿ, ಉಳಿಸಿ, ಆಮೇಲೆ ಹೊಸ ಒಕ್ಕಣೆಯೊಂದಿಗೆ ಮತ್ತೆ ಚಾಲೂ ಮಾಡಿ. ಆಗ ಪಟ್ಟಿ ಅಳಿಸಿಹೋಗುತ್ತದೆ. ಜಿಮೇಲ್‌ನಲ್ಲಿ ಒಕ್ಕಣೆ ಬದಲಿಸಿದರೇ ಸಾಕು, ಎಲ್ಲರಿಗೂ ಹೊಸದಾಗಿ ಹೋಗುತ್ತದೆ. ಬದಲಿಸಿದ ಮೇಲೆ ಹೊರಗಿನ ವಿಳಾಸದಿಂದ ಇನ್ನೊಂದು ಪರೀಕ್ಷೆ ಮಾಡಿ.

ಇದನ್ನು ಲ್ಯಾಪ್‌ಟಾಪ್ ಹಿಂತಿರುಗಿಸುವ ಮೊದಲೇ ಮುಗಿಸಿ. ಎಷ್ಟೋ ಕಡೆ ಲ್ಯಾಪ್‌ಟಾಪ್ ಕೊಟ್ಟು ರಸೀದಿಗೆ ಸಹಿ ಹಾಕುವಷ್ಟರಲ್ಲಿ ಪಾಸ್‌ವರ್ಡ್ ಕೂಡ ನಿಂತಿರುತ್ತದೆ. ಬಿಡುಗಡೆಯ ಕಾಗದಪತ್ರಗಳಿಗೆ ಮೂರು ಗಂಟೆಗೆ ಕರೆದಿದ್ದರೆ ಒಕ್ಕಣೆ ಬದಲಿಸುವ ಕೆಲಸ ಎರಡೂವರೆಗೇ ಆಗಿರಲಿ. ಮರುವಾರ ಮಂಗಳವಾರದ ಹೊತ್ತಿಗೆ ಮನೆಯ ವಿಳಾಸದಿಂದ ನಿಮ್ಮ ಹಳೆಯ ವಿಳಾಸಕ್ಕೆ ಒಂದು ಖಾಲಿ ಪತ್ರ ಹಾಕಿ ನೋಡಿ. ಶುಕ್ರವಾರದ ಪರೀಕ್ಷೆಗೆ ಬಳಸಿದ ವಿಳಾಸವಲ್ಲ, ಬೇರೆಯದು. ಸಂದೇಶ ಬಂದರೆ ಸರಿ. ಪತ್ರ ತಲುಪಲಿಲ್ಲವೆಂದು ಮರಳಿ ಬಂದರೆ ಖಾತೆ ಮುಚ್ಚಿದೆ ಎಂದರ್ಥ. ಸ್ನೇಹಾಗೆ ಫೋನ್ ಮಾಡಿ, ಬೆಳಗಾವಿಯವರಿಗೆ ಅವರೇ ಮೊದಲು ಬರೆಯಲಿ ಎಂದು ಹೇಳಿ.